x = 3 ಹಾಕಿದರೆ y = 4 ಬಂತು, ಅಷ್ಟೇ ಸಾಕಾ?

ಪ್ರಶ್ನೆ: x² + y² = 25 ಎಂಬುದು dy/dx = -x/y ಸಮೀಕರಣದ ಪರಿಹಾರವೇ ಅಂತ ತಾಳೆ ನೋಡಲು ಲೆಕ್ಕ ಕೊಟ್ಟಿದ್ದರು. ನಾನು x = 3, y = 4 ಹಾಕಿದೆ. 9 + 16 = 25 ಬಂತು, ಸರಿ ಅಂತ ಬರೆದೆ. ಸೊನ್ನೆ ಅಂಕ! ಮುಂದಿನ ಲೆಕ್ಕದಲ್ಲಿ ಅದೇ ಸಮೀಕರಣಕ್ಕೆ x = 3 ಇದ್ದಾಗ y = -4 ಅಂತ ಕೊಟ್ಟಿದ್ದರು. ಅದಕ್ಕೂ x² + y² = 25 ಅಂತಲೇ ಬರೆದೆ, ಅರ್ಧ ಅಂಕ. ಸಾಮಾನ್ಯ, ವಿಶಿಷ್ಟ, ಅವ್ಯಕ್ತ ಪರಿಹಾರ ಅಂತಾರಲ್ಲ, ಮೂರೂ ನನಗೆ ಕಲಸಿಹೋಗಿವೆ.
ಡಿಪ್ಲೊಮಾ ವಿದ್ಯಾರ್ಥಿನಿ, ಡೊಂಬಿವಲಿ

ಉತ್ತರ: ನೀವು ತಾಳೆ ನೋಡಿದ್ದು (3, 4) ಬಿಂದು ಆ ವೃತ್ತದ ಮೇಲಿದೆಯೇ ಎಂದು. ಇದೆ, ಸಂಶಯವಿಲ್ಲ. ಆದರೆ ಆ ಲೆಕ್ಕದಲ್ಲಿ dy/dx ಎಲ್ಲೂ ಬರಲೇ ಇಲ್ಲ, ಅಲ್ವಾ? ಸಮೀಕರಣ ಮಾತಾಡುವುದು ಇಳಿಜಾರಿನ ಬಗ್ಗೆ. ಡೆರಿವೇಟಿವ್ ತೆಗೆಯದೆ ಅದರ ಬಾಗಿಲನ್ನು ತಟ್ಟಿದಂತೆಯೇ ಆಗಲಿಲ್ಲ.

"ಹಾಗಾದರೆ ಆ ಒಂದು ಬಿಂದುವಿನಲ್ಲಿ ಇಳಿಜಾರನ್ನೂ ನೋಡಿಬಿಡುತ್ತೇನೆ" ಎನ್ನಬಹುದು. ಅದೂ ಸಾಲದು. 3x + 4y = 25 ಎಂಬ ಸರಳರೇಖೆ ತೆಗೆದುಕೊಳ್ಳಿ. x = 3 ಹಾಕಿದರೆ y = 4. ಅದರ ಇಳಿಜಾರು ಎಲ್ಲೆಡೆ -3/4. ಸಮೀಕರಣದ ಬಲಗಡೆ -x/y ಕೂಡ ಅಲ್ಲಿ -3/4. ಎರಡೂ ಸರಿಹೊಂದಿದವು! ಈಗ x = 0 ಹಾಕಿ. y = 25/4, ಆದ್ದರಿಂದ -x/y ಸೊನ್ನೆ. ರೇಖೆಯ ಇಳಿಜಾರು ಮಾತ್ರ ಇನ್ನೂ -3/4. ಸಿಕ್ಕಿಬಿತ್ತು. ಈ ರೇಖೆ ನಿಮ್ಮ ವೃತ್ತವನ್ನು (3, 4)ರಲ್ಲಿ ಮುಟ್ಟಿಕೊಂಡು ಹೋಗುವ ಸ್ಪರ್ಶರೇಖೆ. ಅಲ್ಲೊಂದೇ ಕಡೆ ಸರಿಹೊಂದುತ್ತದೆ, ಬೇರೆಲ್ಲೂ ಇಲ್ಲ. ದಾದರ್ ಸ್ಟೇಷನ್ನಿನಲ್ಲಿ ಒಬ್ಬರು ಸಿಕ್ಕಿದರೆ ಅವರು ಸೆಂಟ್ರಲ್ ಲೈನಿನವರೋ ವೆಸ್ಟರ್ನ್ ಲೈನಿನವರೋ ಹೇಳಲಾಗದು. ಎರಡು ಲೈನೂ ಅಲ್ಲಿ ಬರುತ್ತವೆ. ಮುಂದಿನ ಸ್ಟೇಷನ್ನಿಗೆ ಹೋದಮೇಲೆ ಗೊತ್ತಾಗುತ್ತದೆ.

ಆದ್ದರಿಂದ ತಾಳೆ ನೋಡುವಾಗ ಅಂಕಿ ಹಾಕಬೇಡಿ, x ಅನ್ನು x ಆಗಿಯೇ ಬಿಡಿ. ವೃತ್ತದ ಮೇಲರ್ಧ y = √(25 - x²) ತೆಗೆದುಕೊಳ್ಳೋಣ. ಮೊದಲು ಎಡಗಡೆ:

dy/dx = -x / √(25 - x²)

ಈಗ ಬಲಗಡೆ, ಅಂದರೆ -x/y. ಇಲ್ಲಿ y ಇದ್ದ ಜಾಗಕ್ಕೆ √(25 - x²) ಹಾಕಿ. ಅದೇ ಬಂತು. ಎರಡು ಕಡೆಯನ್ನೂ ಬೇರೆ ಬೇರೆ ಬಿಡಿಸಿ ಕೊನೆಗೆ ಹೋಲಿಸಿ. ಮೊದಲ ಸಾಲಿನಲ್ಲೇ ಸಮ ಚಿಹ್ನೆ ಹಾಕಿಬಿಟ್ಟರೆ ಸಾಧಿಸಬೇಕಾದ್ದನ್ನೇ ಒಪ್ಪಿಕೊಂಡಂತಾಗುತ್ತದೆ. ನಾನು ಟ್ಯೂಷನ್ನಿನಲ್ಲಿ ನೋಡುವ ಹತ್ತು ಉತ್ತರಗಳಲ್ಲಿ ಆರೇಳು ಇಲ್ಲೇ ಮುಗ್ಗರಿಸುತ್ತವೆ.

ನಿಮ್ಮ ಪ್ರಶ್ನೆಯಲ್ಲಿ y ಬೇರೆ ಮಾಡಿ ಕೊಟ್ಟಿರಲಿಲ್ಲ, x ಜತೆ ಬೆರೆತೇ ಇತ್ತು. ಹಾಗಿದ್ದರೂ ಅದನ್ನು ಬಿಡಿಸುವ ತಾಪತ್ರಯ ಬೇಡ. x² + y² = 25 ಅನ್ನು ಇದ್ದ ಹಾಗೆಯೇ x ಗೆ ಸಂಬಂಧಿಸಿ ಡಿಫರೆನ್ಷಿಯೇಟ್ ಮಾಡಿ. y ಕೂಡ x ಮೇಲೆ ನಿಂತಿದೆ ಎಂಬುದನ್ನು ಮರೆಯಬಾರದು. y² ಇಂದ 2y ಮಾತ್ರವಲ್ಲ, 2y·dy/dx ಬರುತ್ತದೆ.

2x + 2y·dy/dx = 0

ಇದರಿಂದ dy/dx = -x/y, y ಸೊನ್ನೆಯಲ್ಲದ ಕಡೆಯೆಲ್ಲ. ಮೊದಲ ಲೆಕ್ಕಕ್ಕೆ ಇಷ್ಟೇ ಉತ್ತರ. ಹೀಗೆ x, y ಬೆರೆತ ರೂಪದಲ್ಲೇ ಉಳಿದ ಪರಿಹಾರಕ್ಕೆ ಅವ್ಯಕ್ತ ಪರಿಹಾರ ಎನ್ನುತ್ತಾರೆ. y = ಎಂದು ಬಿಡಿಸಿ ಬರೆದರೆ ವ್ಯಕ್ತ. ಕೆಲವು ಕಡೆ ಬಿಡಿಸಲು ಆಗುವುದೇ ಇಲ್ಲ. dy/dx = 1/(1 + e^y) ಗೆ ಪರಿಹಾರ y + e^y = x + c. ನಿಮ್ಮ ಸಿಲಬಸ್ಸಿನಲ್ಲಿರುವ ಫಂಕ್ಷನ್‌ಗಳಿಂದ ಇಲ್ಲಿ y ಅನ್ನು ಒಂಟಿ ಮಾಡಲಾಗದು, ಹಾಗೇ ಬಿಟ್ಟರೆ ತಪ್ಪೇನಿಲ್ಲ.

ಈಗ ಮೇಲಿನ ಸಾಲನ್ನು ಇನ್ನೊಮ್ಮೆ ನೋಡಿ. 25 ಎಲ್ಲಿ ಹೋಯಿತು? ಡಿಫರೆನ್ಷಿಯೇಟ್ ಮಾಡಿದಾಗ ಮಾಯವಾಯಿತು. 25ರ ಬದಲು 9 ಇದ್ದರೂ 100 ಇದ್ದರೂ ಅದೇ ಆಗುತ್ತಿತ್ತು. ಅಂದರೆ x² + y² = c ಎಂಬ ವೃತ್ತಗಳ ಇಡೀ ಕುಟುಂಬವೇ ಸಮೀಕರಣಕ್ಕೆ ಒಗ್ಗುತ್ತದೆ. ಹೀಗೆ c ಉಳಿಸಿಕೊಂಡದ್ದು ಸಾಮಾನ್ಯ ಪರಿಹಾರ. c ಜಾಗಕ್ಕೆ ಒಂದು ಅಂಕಿ ಬಂದು ಕೂತರೆ ವಿಶಿಷ್ಟ ಪರಿಹಾರ.

ನಿಮಗೆ ಮೂರು ಹೆಸರು ಕಲಸಿಹೋಗಲು ಕಾರಣ ಇಲ್ಲಿದೆ. ಅವು ಒಂದೇ ಸಾಲಿನ ಮೂರು ಹೆಸರಲ್ಲ. ಸಾಮಾನ್ಯವೋ ವಿಶಿಷ್ಟವೋ ಎಂಬುದು c ಉಳಿದಿದೆಯೇ ಎಂಬ ಪ್ರಶ್ನೆ. ಅವ್ಯಕ್ತವೋ ವ್ಯಕ್ತವೋ ಎಂಬುದು y ಬಿಡಿಸಿದೆಯೇ ಎಂಬ ಪ್ರಶ್ನೆ. ಎರಡೂ ಬೇರೆ ಬೇರೆ. x² + y² = c ಸಾಮಾನ್ಯವೂ ಹೌದು, ಅವ್ಯಕ್ತವೂ ಹೌದು. x² + y² = 25 ವಿಶಿಷ್ಟ, ಆದರೆ ಇನ್ನೂ ಅವ್ಯಕ್ತ. y = √(25 - x²) ವಿಶಿಷ್ಟ ಮತ್ತು ವ್ಯಕ್ತ. ಅವ್ಯಕ್ತ ಕಂಡ ಕೂಡಲೇ ಸಾಮಾನ್ಯ ಅಂತ ಬರೆಯುವವರು ಜಾಸ್ತಿ, ನೀವು ಹಾಗೆ ಮಾಡಬೇಡಿ.

ಒಂದು ಎಚ್ಚರಿಕೆ. x² + y² = -25 ಅಂತ ಬರೆದರೂ ಡಿಫರೆನ್ಷಿಯೇಟ್ ಮಾಡಿದಾಗ ಅದೇ dy/dx = -x/y ಬರುತ್ತದೆ! ಆದರೆ ಎರಡು ವರ್ಗಗಳ ಮೊತ್ತ ಋಣವಾಗದು, ಆ ಹೆಸರಿನ ರೇಖೆಯೇ ಇಲ್ಲ. c = 0 ಆದರೆ ಒಂದೇ ಚುಕ್ಕೆ. ಆದ್ದರಿಂದ ಸಾಮಾನ್ಯ ಪರಿಹಾರದ ಪಕ್ಕದಲ್ಲಿ c > 0 ಅಂತ ಬರೆದಿಡಿ. ಡಿಫರೆನ್ಷಿಯೇಟ್ ಮಾಡುವ ಪರೀಕ್ಷೆ ಇದನ್ನು ಹಿಡಿಯುವುದಿಲ್ಲ, ನೀವೇ ನೋಡಿಕೊಳ್ಳಬೇಕು.

ಇನ್ನು ಅರ್ಧ ಅಂಕದ ಲೆಕ್ಕ. x = 3, y = -4 ಅನ್ನು ಹಾಕಬೇಕಾದ್ದು ಸಾಮಾನ್ಯ ಪರಿಹಾರದಲ್ಲಿ. 9 + 16 = c, ಹಾಗಾಗಿ c = 25. ನೀವು ಮೊದಲ ಲೆಕ್ಕದಲ್ಲಿ ಮಾಡಿದ ಕೂಡಿಕೆಗೆ ನಿಜವಾದ ಕೆಲಸ ಇರುವುದು ಇಲ್ಲಿ! ಆದರೆ ಇಲ್ಲಿಗೇ ನಿಲ್ಲಿಸಿದಿರಿ. ವರ್ಗ ಮಾಡಿದಾಗ -4 ತನ್ನ ಮೈನಸ್ ಕಳೆದುಕೊಂಡಿತು. (3, 4) ಹಾಕಿದರೂ ಇದೇ 25 ಬರುತ್ತಿತ್ತು. ಪೂರ್ತಿ ವೃತ್ತದಲ್ಲಿ x = 3 ಗೆ 4, -4 ಎಂಬ ಎರಡು y ಇವೆ, ಒಂದು ಫಂಕ್ಷನ್‌ಗೆ ಅದು ಸಲ್ಲದು. ಪ್ರಶ್ನೆ ಕೊಟ್ಟದ್ದು -4, ಆದ್ದರಿಂದ ಕೆಳಗಿನ ಅರ್ಧವನ್ನೇ ಆರಿಸಬೇಕು. ± ಹಾಕಿ ಎರಡನ್ನೂ ಬರೆದರೆ ಆರಿಸಿದಂತಾಗುವುದಿಲ್ಲ.

y = -√(25 - x²)

ಇದನ್ನೂ ತಾಳೆ ನೋಡೋಣ. dy/dx = x/√(25 - x²). ಬಲಗಡೆ -x/y ಯಲ್ಲಿ ಎರಡು ಮೈನಸ್ ಸೇರಿ ಹೋಗುತ್ತವೆ, ಉಳಿಯುವುದು ಅದೇ x/√(25 - x²). x = 3 ರಲ್ಲಿ y = -4. ಎರಡೂ ಸರಿ. ಕೊನೆಗೆ -5 < x < 5 ಅಂತ ಸೇರಿಸಿ. ತುದಿಗಳಾದ -5 ಮತ್ತು 5 ಬೇಡ, ಅಲ್ಲಿ y ಸೊನ್ನೆ ಆಗುತ್ತದೆ, ವೃತ್ತ ನೆಟ್ಟಗೆ ನಿಲ್ಲುತ್ತದೆ, -x/y ಗೆ ಅರ್ಥವೇ ಇರುವುದಿಲ್ಲ. ನಿಮಗೆ ತಪ್ಪಿಹೋದ ಇನ್ನರ್ಧ ಅಂಕ ಬಹುಶಃ ಆ ಮೈನಸ್ ಚಿಹ್ನೆಯಲ್ಲೂ ಈ ಒಂದು ಸಾಲಿನಲ್ಲೂ ಇತ್ತು.