ಮಕ್ಕಳ ತಪ್ಪು ಉತ್ತರಗಳೇ ನಿಮ್ಮ ಬಂಡವಾಳ

"ಹಾಸನದ ಖಾಸಗಿ ಶಾಲೆಯಲ್ಲಿ 14 ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ತರಗತಿ ಬಿಟ್ಟು ಕಂಪನಿಗಳಲ್ಲಿ ತರಬೇತಿ ಕೊಡುವ ಕೆಲಸವೋ, ಪಠ್ಯಕ್ರಮ ವಿನ್ಯಾಸವೋ ಮಾಡೋಣ ಅನ್ನಿಸಿದೆ. ಅತ್ತೆ ಮಾವ ಜೊತೆಗಿದ್ದಾರೆ, ಊರು ಬಿಡುವ ಹಾಗಿಲ್ಲ. ಬಿ.ಇಡಿ. ಬಿಟ್ಟರೆ ಬೇರೆ ಸರ್ಟಿಫಿಕೇಟ್ ಇಲ್ಲ. ಎಲ್ಲಿಂದ ಶುರು ಮಾಡಲಿ?"
— ಓದುಗರೊಬ್ಬರು, ಹಾಸನ

ಮೇಡಂ, ಕಂಪನಿ ತರಬೇತಿಯ ವಿಚಾರವನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಆ ಕೆಲಸ ಜಾಸ್ತಿ ಸಿಗುವುದು ಬೆಂಗಳೂರಿನಲ್ಲಿ. ಬೆಳಿಗ್ಗೆಯೇ ಅಲ್ಲಿ ಹಾಜರಿರಬೇಕು, ಹೋಗಿ ಬರುವುದಕ್ಕೇ ಅರ್ಧ ದಿನ ಬೇಕು. ಪಠ್ಯ ರಚನೆಯ ಕೆಲಸವಾದರೆ ಮನೆಯಲ್ಲೇ ಕೂತು ಮಾಡಬಹುದು. ಅದರಲ್ಲೂ ಪ್ರಶ್ನೆ ತಯಾರಿಕೆಯಿಂದ ಶುರು ಮಾಡಿ ಅನ್ನುವುದು ನನ್ನ ಸಲಹೆ.

ಯಾಕೆ ಅಂದರೆ, ಮಕ್ಕಳು ಎಲ್ಲಿ ಎಡವುತ್ತಾರೆ ಅನ್ನುವುದು ನಿಮಗೆ ಗೊತ್ತು. ಸರಿ ಉತ್ತರ ಪುಸ್ತಕದಲ್ಲೇ ಇರುತ್ತದೆ, ಯಾರು ಬೇಕಾದರೂ ಬರೆಯಬಹುದು. ನಾಲ್ಕು ಆಯ್ಕೆಗಳಲ್ಲಿ ಮೂರು ತಪ್ಪು ಉತ್ತರಗಳನ್ನು ಯೋಚಿಸಿ ಇಡುವುದೇ ಕಷ್ಟ.

ಒಂದು ಉದಾಹರಣೆ ನೋಡೋಣ. 6ನೇ ತರಗತಿಯ ದಶಮಾಂಶ. 'ಇವುಗಳಲ್ಲಿ ದೊಡ್ಡದು ಯಾವುದು? 0.8, 0.35, 0.125, 0.09.' ಮೇಲ್ನೋಟಕ್ಕೆ ಒಳ್ಳೆಯ ಪ್ರಶ್ನೆ, ಅಲ್ವಾ? ಆದರೆ ಒಳಗೊಂದು ತೂತು ಇದೆ. ಬಿಂದುವಿನ ಮುಂದೆ ಅಂಕಿ ಕಡಿಮೆ ಇದ್ದಷ್ಟೂ ಸಂಖ್ಯೆ ದೊಡ್ಡದು ಅಂತ ತಿಳಿದ ಮಕ್ಕಳಿರುತ್ತಾರೆ. ಹತ್ತನೇ ಒಂದು ಭಾಗ ನೂರನೇ ಒಂದು ಭಾಗಕ್ಕಿಂತ ದೊಡ್ಡದು ಅಂತ ಕೇಳಿರುತ್ತಾರೆ, ಅದನ್ನೇ ಎಲ್ಲ ಕಡೆ ಹಚ್ಚುತ್ತಾರೆ. ಅಂಥ ಮಗು ಕೂಡ 0.8 ಅನ್ನೇ ಆರಿಸುತ್ತದೆ. ತಪ್ಪು ಯೋಚನೆಗೂ ಪೂರ್ತಿ ಅಂಕ ಸಿಕ್ಕಿಬಿಟ್ಟಿತು.

ಈಗ 0.8 ತೆಗೆದು 0.45, 0.3, 0.125, 0.09 ಅಂತ ಕೊಡಿ. ಸರಿ ಉತ್ತರ 0.45. ಅಂಕಿ ಕಡಿಮೆ ಇದ್ದರೆ ದೊಡ್ಡದು ಅನ್ನುವ ಮಗು 0.3 ಹಿಡಿಯುತ್ತದೆ. ಬಿಂದುವನ್ನು ಮರೆತು 125 ಅಂತ ಓದುವ ಮಗು 0.125 ಹಿಡಿಯುತ್ತದೆ. ಒಂಬತ್ತು ಕಂಡ ಕೂಡಲೇ ದೊಡ್ಡದು ಅನ್ನುವ ಮಗು 0.09 ಹಿಡಿಯುತ್ತದೆ. ಈಗ ಯಾವ ತಪ್ಪು ಉತ್ತರ ಬಂದರೂ ಅದರ ಹಿಂದಿನ ಕಾರಣ ಊಹಿಸಬಹುದು. ಮುಂದಿನ ಪಾಠ ಏನಿರಬೇಕು ಅಂತ ನಿರ್ಧಾರವಾಗುವುದೂ ಅದರಿಂದಲೇ.

ಇಂಥ ಐದಾರು ಪ್ರಶ್ನೆ ಸಿದ್ಧ ಮಾಡಿ. ಪ್ರತಿ ಪ್ರಶ್ನೆಯ ಕೆಳಗೆ ಎರಡು ವಿಷಯ ಬರೆಯಿರಿ: ಮಗು ಇದರಿಂದ ಏನು ಮಾಡಿ ತೋರಿಸಬೇಕು, ಪ್ರತಿ ತಪ್ಪು ಆಯ್ಕೆ ಯಾವ ತಪ್ಪು ತಿಳಿವಳಿಕೆಗೆ ಸೇರಿದ್ದು. 'ದಶಮಾಂಶ ಅರ್ಥ ಮಾಡಿಕೊಳ್ಳುತ್ತಾನೆ' ಅಂತ ಬರೆದರೆ ಸಾಲದು, ಅದನ್ನು ಅಳೆಯಲು ಬರುವುದಿಲ್ಲ. 'ಅಂಕಿಗಳ ಎಣಿಕೆ ಬೇರೆ ಬೇರೆ ಇರುವ ದಶಮಾಂಶಗಳನ್ನು ಹೋಲಿಸುತ್ತಾನೆ' ಅಂತ ಬರೆಯಿರಿ. ಎನ್‌ಸಿಇಆರ್‌ಟಿಯ ಕಲಿಕಾ ಫಲಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ.

ಆಮೇಲೆ ಅದೇ ವಿಷಯಕ್ಕೆ ಹತ್ತು ನಿಮಿಷದ ಒಂದು ಪಾಠದ ಸ್ಟೋರಿಬೋರ್ಡ್ ಮಾಡಿ. ಸುಮ್ನೆ ಒಂದು ಕೋಷ್ಟಕ ಸಾಕು. ಪರದೆ ಮೇಲೆ ಏನು ಕಾಣುತ್ತದೆ, ಏನು ಕೇಳಿಸುತ್ತದೆ, ಮಗು ಏನು ಮಾಡುತ್ತದೆ, ತಪ್ಪಿದರೆ ಏನು ಹೇಳುತ್ತೇವೆ. ಅನುಭವಿ ಶಿಕ್ಷಕರು ಎಡವುವುದು ಇಲ್ಲೇ. ಎರಡನೇ ಕಾಲಮ್ಮು ಪುಟಗಟ್ಟಲೆ ತುಂಬುತ್ತದೆ, ಮೂರನೆಯದು ಖಾಲಿ ಉಳಿಯುತ್ತದೆ. ತರಗತಿಯಲ್ಲಿ ಮಕ್ಕಳ ಮುಖ ನೋಡಿ ಅಲ್ಲೇ ದಾರಿ ಬದಲಿಸುತ್ತೀರಿ. ಇಲ್ಲಿ ಮುಖ ಕಾಣುವುದಿಲ್ಲ, ಎಲ್ಲವನ್ನೂ ಮೊದಲೇ ಯೋಚಿಸಿ ಬರೆದಿರಬೇಕು. ಮೂರು ಮತ್ತು ನಾಲ್ಕನೇ ಕಾಲಮ್ಮುಗಳನ್ನೇ ಮೊದಲು ಬರೆಯಿರಿ, ಮಾತನ್ನು ಕೊನೆಗೆ ತುಂಬಿ. ಪುಸ್ತಕದ ಚಿತ್ರಗಳನ್ನೂ ಶಾಲೆಯ ಪ್ರಶ್ನೆಪತ್ರಿಕೆಗಳನ್ನೂ ಎತ್ತಿ ಹಾಕಬೇಡಿ. ಎಲ್ಲವೂ ನಿಮ್ಮದೇ ಆಗಿರಲಿ.

ಈ ಎರಡು ಕಡತ ಸರ್ಟಿಫಿಕೇಟಿಗಿಂತ ಜಾಸ್ತಿ ಮಾತಾಡುತ್ತವೆ. ಇವನ್ನು ಪಠ್ಯ ಪ್ರಕಾಶಕರಿಗೆ, ಡಿಜಿಟಲ್ ಪಾಠ ಮಾಡುವ ಸಂಸ್ಥೆಗಳಿಗೆ ಕಳಿಸಿ. ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಬಲ್ಲೆ ಅಂತ ತಿಳಿಸಿ, ಎರಡೂ ಭಾಷೆಯ ಮಾದರಿ ಇಡಿ. ನಿಮ್ಮ ಕೆಲಸ ಹೇಗಿದೆ ಅಂತ ನೋಡಲು ಅವರು ಮೊದಲು ಒಂದು ಮಾದರಿ ಕೆಲಸ ಕೊಡಬಹುದು. ಒಂದು ಸಣ್ಣ ಪಾಠ, ಹತ್ತು ಪ್ರಶ್ನೆ ಕೇಳಿದರೆ ಸರಿ. ಇಡೀ ಅಧ್ಯಾಯವನ್ನೇ ಬಿಟ್ಟಿ ಕೇಳಿದರೆ ಸಂಭಾವನೆ ಎಷ್ಟು ಅಂತ ಮೊದಲು ಕೇಳಿ. ಕೆಲಸದ ಭರವಸೆ ಕೊಟ್ಟು ಕೋರ್ಸ್ ಫೀಸ್ ಕಟ್ಟಿ ಅನ್ನುವವರಿಂದ ದೂರವಿರಿ.

ಶಾಲೆಗೆ ಈಗಲೇ ರಾಜೀನಾಮೆ ಕೊಡಬೇಡಿ. ಸಂಜೆ ಮತ್ತು ರಜೆಯಲ್ಲಿ ಬಿಡಿ ಕೆಲಸ ಮಾಡಿ ನೋಡಿ, ಆದರೆ ನೇಮಕಾತಿ ಪತ್ರದಲ್ಲಿ ಹೊರಗಿನ ಕೆಲಸದ ಬಗ್ಗೆ ಏನಿದೆ ಅಂತ ಮೊದಲು ಓದಿ. ಬಿಡುವುದೇ ಆದರೆ ಶೈಕ್ಷಣಿಕ ವರ್ಷದ ಕೊನೆಗೆ, ನೋಟಿಸ್ ಕೊಟ್ಟು ಬಿಡಿ. ಐದು ವರ್ಷ ಸೇವೆ ಆದ ಖಾಸಗಿ ಶಾಲೆಯ ಶಿಕ್ಷಕರಿಗೂ ಗ್ರಾಚ್ಯುಟಿ ಹಕ್ಕಿದೆ. ಕೊನೆಯ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 26,000 ಇದ್ದರೆ, ಅದನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿ. ವರ್ಷಕ್ಕೆ 15,000, 14 ವರ್ಷಕ್ಕೆ 2,10,000 ರೂಪಾಯಿ. ರಾಜೀನಾಮೆ ಪತ್ರದ ಜೊತೆಗೇ ಅದರ ಅರ್ಜಿಯನ್ನೂ ಕೊಟ್ಟು, ನಕಲಿನ ಮೇಲೆ ಶಾಲೆಯ ಸೀಲು, ಸಹಿ ಹಾಕಿಸಿಕೊಳ್ಳಿ.

— ಸಂಪಾದಕ