ಒಂದೂವರೆ ಪುಟದ ಪತ್ರ

(ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ.)

ಆ ಮಹಿಳೆ ನನ್ನ ಬಳಿ ಬಂದದ್ದು ರಾತ್ರಿ ನಿದ್ದೆ ಬರುತ್ತಿಲ್ಲ ಅಂತ. ಮಾತಾಡುತ್ತ ಹೋದಂತೆ ಗೊತ್ತಾಯಿತು, ನಾಲ್ಕು ರಾತ್ರಿಯಿಂದ ಒಂದೇ ಪತ್ರವನ್ನು ಬರೆಯುವುದು, ಅಳಿಸುವುದು ಮಾಡುತ್ತಿದ್ದರು. ತಾಯಿಯ ಕಣ್ಣಿನ ಆಪರೇಷನ್‌ಗೆ ದಿನ ಗೊತ್ತಾಗಿತ್ತು. ಉಳಿದಿದ್ದದ್ದು 16 ದಿನ. ಅರ್ಧ ಖರ್ಚು ಅಣ್ಣನದು, ಅರ್ಧ ಇವರದು. ಇವರ ಪಾಲು ಕೈಯಲ್ಲಿರಲಿಲ್ಲ. ಆಫೀಸಿನಲ್ಲಿ ಸಂಬಳದ ಅಡ್ವಾನ್ಸ್ ಕೇಳಬೇಕಿತ್ತು. ಆರು ವರ್ಷದಲ್ಲಿ ಒಂದು ಸಲವೂ ಕೇಳಿದವರಲ್ಲ.

ಪತ್ರ ತೋರಿಸಿ ಅಂದೆ. ಒಂದೂವರೆ ಪುಟ ಇತ್ತು. ಮೊದಲ ಪ್ಯಾರಾದಲ್ಲಿ ಮೂರು ಸಲ ಕ್ಷಮೆ. ಆಮೇಲೆ ತಾಯಿಯ ಕಾಯಿಲೆಯ ಕಥೆ, ಮನೆಯ ಕಷ್ಟ, ಹಿಂದಿನ ವರ್ಷದ ಸಾಲ. “ನಾನು ಯಾರ ಮುಂದೆಯೂ ಕೈಚಾಚಿದವಳಲ್ಲ” ಎಂಬ ಸಾಲು. ಎಷ್ಟು ಹಣ ಬೇಕು ಅನ್ನುವುದು ಮಾತ್ರ ಎಲ್ಲೂ ಇರಲಿಲ್ಲ. “ತಮ್ಮಿಂದಾದಷ್ಟು ಸಹಾಯ ಮಾಡಿ” ಎಂದಿತ್ತು. ಕೊನೆಯಲ್ಲಿ, “ಮುಂದಿನ ತಿಂಗಳ ಸಂಬಳದಲ್ಲೇ ಪೂರ್ತಿ ಹಿಡಿದುಕೊಳ್ಳಿ.”

ನನಗೆ ಆ ಪತ್ರ ಓದಿ ಸಂಕಟವಾಯಿತು. ಅದು ಆಫೀಸಿಗೆ ಬರೆದ ಪತ್ರವೇ ಆಗಿರಲಿಲ್ಲ. ತನ್ನ ಮೇಲೆ ತಾನೇ ಹೊರಿಸಿಕೊಂಡ ತಪ್ಪಿಗೆ ಕೊಟ್ಟ ವಿವರಣೆಯಾಗಿತ್ತು. “ನೀವು ಏನು ತಪ್ಪು ಮಾಡಿದ್ದೀರಿ?” ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. “ತಪ್ಪೇನಿಲ್ಲ ಮೇಡಂ. ಆದರೆ ಕಷ್ಟ ಎಷ್ಟಿದೆ ಅಂತ ಹೇಳದಿದ್ದರೆ ನಂಬುತ್ತಾರಾ?” ಎಂದರು.

ಈ ಭಯವನ್ನು ನಾನು ತುಂಬ ಜನರಲ್ಲಿ ನೋಡಿದ್ದೇನೆ. ಪತ್ರ ಓದುವವರ ಕೆಲಸ ಬೇರೆ ಇರುತ್ತದೆ. ಕಾರಣ ಎಷ್ಟು ದುಃಖದ್ದು ಅಂತ ಅವರು ತೂಗಬೇಕಾಗಿಲ್ಲ. ಎಷ್ಟು ಬೇಕು, ಯಾವಾಗ ಬೇಕು, ಹೇಗೆ ವಾಪಸ್ ಬರುತ್ತದೆ, ಈ ಮೂರಕ್ಕೆ ಉತ್ತರ ಸಿಕ್ಕರೆ ಮ್ಯಾನೇಜರ್ ಅದನ್ನು ಮೇಲಿನವರಿಗೆ ಕಳಿಸಬಹುದು. ಸಿಗದಿದ್ದರೆ ಕರೆದು ಕೇಳಬೇಕಾಗುತ್ತದೆ. ಆ ಪ್ರಶ್ನೆಗಳೇ ಹಣ ಕೇಳಿದವರಿಗೆ ಅವಮಾನದಂತೆ ಕಾಣುತ್ತವೆ. ಇನ್ನೊಂದು ಮಾತು: ಪತ್ರ ಒಬ್ಬರ ಕೈಯಲ್ಲೇ ಉಳಿಯುವುದಿಲ್ಲ. ಎಚ್‌ಆರ್‌ಗೆ ಹೋಗುತ್ತದೆ, ಅಕೌಂಟ್ಸ್‌ಗೆ ಹೋಗುತ್ತದೆ. ಮನೆಯ ಸಾಲದ ಕಥೆಯನ್ನು ಅಷ್ಟು ಜನ ಓದಬೇಕಾ?

ಆ ದಿನ ಪತ್ರ ತಿದ್ದಲಿಲ್ಲ. ಮೊದಲು ಲೆಕ್ಕ ಹಾಕಿದೆವು. ಅವರಿಗೆ ಕೈಗೆ ಬರುವ ಸಂಬಳವನ್ನು 100 ಅಂತಿಟ್ಟುಕೊಳ್ಳಿ. ಬಾಡಿಗೆ, ದಿನಸಿ, ಮಗುವಿನ ಫೀಸು, ಓಡಾಟ, ಎಲ್ಲ ಸೇರಿ ಪ್ರತಿ ತಿಂಗಳು 72 ಹೋಗುತ್ತಿತ್ತು. ಉಳಿಯುತ್ತಿದ್ದದ್ದು 28. ಬೇಕಾದ ಹಣ 60. “ಮುಂದಿನ ತಿಂಗಳೇ ಪೂರ್ತಿ ಹಿಡಿದುಕೊಳ್ಳಿ” ಎಂಬ ಮಾತು ನೋಡಲು ಸ್ವಾಭಿಮಾನದ್ದು. ಹಾಗೆ ಹಿಡಿದುಕೊಂಡರೆ ಆ ತಿಂಗಳು ಕೈಗೆ ಬರುವುದು 40. ಖರ್ಚು 72. ಮತ್ತೆ 32 ಕಡಿಮೆ. ಆಗ ಇನ್ನೊಂದು ಅಡ್ವಾನ್ಸ್ ಕೇಳಬೇಕು, ಇಲ್ಲವೇ ಬಡ್ಡಿಗೆ ಸಾಲ ತರಬೇಕು. ಇಲ್ಲೇ ಜಾಸ್ತಿ ಜನ ಸಿಕ್ಕಿಬೀಳುವುದು. ಒಂದು ಅಡ್ವಾನ್ಸ್ ಕೇಳಿದ್ದಕ್ಕೆ ಯಾರ ಬಗ್ಗೆಯೂ ಕೆಟ್ಟ ಅಭಿಪ್ರಾಯ ಬರುವುದಿಲ್ಲ. ತಿಂಗಳು ತುಂಬುವ ಮೊದಲೇ ಎರಡನೆಯದು ಕೇಳಿದರೆ ಬರುತ್ತದೆ.

ಮೂರು ಕಂತಾದರೆ ತಿಂಗಳಿಗೆ 20. ಕೈಯಲ್ಲಿ ಉಳಿಯುವುದು 8. ಮಗುವಿಗೆ ಒಂದು ಜ್ವರ ಬಂದರೆ ಮುಗಿಯಿತು. ನಾಲ್ಕು ಕಂತಾದರೆ 15, ಉಳಿಯುವುದು 13. ನಾಲ್ಕಕ್ಕೇ ನಿಲ್ಲಿಸಿದೆವು. ಅವರಿಗೆ ಇಷ್ಟವಿರಲಿಲ್ಲ. “ನಾಲ್ಕು ತಿಂಗಳು ಅಂದರೆ ತುಂಬ ಆಯಿತು ಅನ್ನಿಸಲ್ವಾ?” ಎಂದರು. ನಡೆಸಿಕೊಡಬಹುದಾದ ಮಾತು ಕೊಡಿ, ಅದರಲ್ಲಿ ನಾಚಿಕೆ ಏನಿಲ್ಲ ಅಂದೆ. ಜೊತೆಗೆ ಒಂದು ವಿಷಯ ಎಚ್ಚರಿಸಿದೆ. ಈ ನಾಲ್ಕು ತಿಂಗಳ ನಡುವೆ ಕೆಲಸ ಬಿಟ್ಟರೆ, ಉಳಿದ ಹಣವನ್ನು ಸಾಮಾನ್ಯವಾಗಿ ಕೊನೆಯ ಲೆಕ್ಕದಲ್ಲಿ ಹಿಡಿದುಕೊಳ್ಳುತ್ತಾರೆ. ಬೇರೆ ಕೆಲಸದ ಯೋಚನೆ ಇದ್ದರೆ ಈಗಲೇ ಲೆಕ್ಕಕ್ಕೆ ಸೇರಿಸಿ. ಅವರಿಗೆ ಅಂಥ ಯೋಚನೆ ಇರಲಿಲ್ಲ.

ಆಮೇಲೆ ದಿನಾಂಕ. ಸಂಬಳದ ಲೆಕ್ಕ ತಿಂಗಳ ಕೊನೆಗೆ ಕೆಲವು ದಿನ ಮೊದಲೇ ಮುಚ್ಚಿಬಿಡುತ್ತದೆ. ಅದು ಯಾವತ್ತು ಅಂತ ಅಕೌಂಟ್ಸ್‌ನವರನ್ನು ಸುಮ್ನೆ ಕೇಳಿಕೊಂಡು ಬನ್ನಿ, ಜೊತೆಗೆ ಅಡ್ವಾನ್ಸ್‌ಗೆ ನಿಯಮ ಏನಾದರೂ ಇದೆಯಾ ನೋಡಿ ಎಂದು ಕಳಿಸಿದೆ. ಎರಡು ದಿನಕ್ಕೆ ಉತ್ತರ ತಂದರು. ಅವರ ಕಂಪನಿಯಲ್ಲಿ ಒಂದು ತಿಂಗಳ ಸಂಬಳದ ಅರ್ಧಕ್ಕಿಂತ ಜಾಸ್ತಿ ಕೊಡುವುದಿಲ್ಲ ಎಂಬ ನಿಯಮ ಇತ್ತು. ಅಂದರೆ 50. ಉಳಿದ 10 ಅನ್ನು ಅಣ್ಣ ಈಗ ಹಾಕಿ, ಆಮೇಲೆ ವಾಪಸ್ ತೆಗೆದುಕೊಳ್ಳುತ್ತೇನೆಂದು ಒಪ್ಪಿದರು. ನಿಯಮ ಗೊತ್ತಿಲ್ಲದೆ 60 ಕೇಳಿದ್ದರೆ ಒಂದು ಇಲ್ಲ ಎಂಬ ಮಾತನ್ನು ಕೇಳಬೇಕಾಗುತ್ತಿತ್ತು. ಅವರ ಆಗಿನ ಮನಸ್ಥಿತಿಗೆ ಆ ಒಂದು ಮಾತೇ ಭಾರವಾಗುತ್ತಿತ್ತು.

ನಾಲ್ಕು ಕಂತಿನಲ್ಲಿ 50 ಅಂದರೆ ತಿಂಗಳಿಗೆ 12.5. ಈಗ ಪತ್ರ ಬರೆದೆವು. ಮೊತ್ತ, ದಿನಾಂಕ ಬಿಟ್ಟು ಇಲ್ಲಿ ಕೊಡುತ್ತಿದ್ದೇನೆ:

“ಮಾನ್ಯರೇ,
ನನ್ನ ತಾಯಿಗೆ ಇದೇ ತಿಂಗಳು … ರಂದು ಶಸ್ತ್ರಚಿಕಿತ್ಸೆ ನಿಗದಿಯಾಗಿದೆ. ಅದರ ಖರ್ಚಿಗಾಗಿ ನನ್ನ ಸಂಬಳದಿಂದ … ಮುಂಗಡ ನೀಡಬೇಕೆಂದು ಕೋರುತ್ತೇನೆ. ಹಣ … ರ ಒಳಗೆ ಸಿಕ್ಕರೆ ಅನುಕೂಲ. ಮುಂದಿನ ತಿಂಗಳಿನಿಂದ ನಾಲ್ಕು ಸಮ ಕಂತುಗಳಲ್ಲಿ ಸಂಬಳದಿಂದ ಹಿಡಿದುಕೊಳ್ಳಲು ನನ್ನ ಒಪ್ಪಿಗೆ ಇದೆ. ಆಸ್ಪತ್ರೆಯ ಪತ್ರ ಬೇಕಿದ್ದರೆ ಕೊಡುತ್ತೇನೆ. ಈ ವಿಷಯವನ್ನು ಗೋಪ್ಯವಾಗಿಡಬೇಕೆಂದು ವಿನಂತಿ.
ವಂದನೆಗಳು.”

ಆಸ್ಪತ್ರೆಯ ಪತ್ರವನ್ನು ಮೊದಲೇ ಲಗತ್ತಿಸಬೇಡಿ ಅಂದೆ. ಕೇಳಿದರೆ ಕೊಡುವುದು ಬೇರೆ, ಕೇಳುವ ಮೊದಲೇ ಸಾಕ್ಷಿ ಒಡ್ಡುವುದು ಬೇರೆ. ತಾಯಿಯ ಕಾಯಿಲೆ ತಾಯಿಯ ಖಾಸಗಿ ವಿಷಯವೂ ಹೌದು. ಬೇರೆಯವರಿಗೆ ಅಡ್ವಾನ್ಸ್ ಕೊಟ್ಟಿದ್ದೀರಿ ಎಂಬ ಮಾತನ್ನೂ ಎತ್ತಬೇಡಿ ಅಂದೆ. ಅದು ಕೋರಿಕೆಯನ್ನು ಜಗಳ ಮಾಡಿಬಿಡುತ್ತದೆ.

ಪತ್ರ ಕಳಿಸುವ ಮೊದಲು ಮ್ಯಾನೇಜರ್ ಜೊತೆ ಎರಡು ನಿಮಿಷ ಮಾತಾಡಬೇಕಿತ್ತು. ಮೇಲ್ ಇದ್ದಕ್ಕಿದ್ದಂತೆ ಬಂದರೆ ಅವರಿಗೂ ಮುಜುಗರ. ಇದನ್ನು ನಾವು ಇಲ್ಲೇ ಆಡಿ ನೋಡಿದೆವು. ಮೊದಲ ಸಲ ಅವರು “ಸರ್, ತುಂಬ ಸಾರಿ ಸರ್, ಹೇಗೆ ಕೇಳಬೇಕೋ ಗೊತ್ತಾಗುತ್ತಿಲ್ಲ” ಎಂದು ಶುರು ಮಾಡಿ ಕಣ್ಣೀರಿಗೆ ಬಂದರು. ನಿಲ್ಲಿಸಲಿಲ್ಲ. ಅಳು ಬರುವುದಿದ್ದರೆ ಇಲ್ಲೇ ಬರಲಿ ಅನ್ನಿಸಿತು. ಐದನೇ ಸಲಕ್ಕೆ ಮಾತು ಇಷ್ಟಕ್ಕೆ ಬಂತು: “ಸರ್, ಒಂದು ವೈಯಕ್ತಿಕ ವಿಷಯ. ತಾಯಿಗೆ ಆಪರೇಷನ್ ಇದೆ, ಅರ್ಧ ತಿಂಗಳ ಸಂಬಳ ಅಡ್ವಾನ್ಸ್ ಬೇಕಿತ್ತು. ನಾಲ್ಕು ಕಂತಿನಲ್ಲಿ ಹಿಡಿದುಕೊಳ್ಳಬಹುದು. ಇವತ್ತು ಮೇಲ್ ಕಳಿಸಲಾ?” ಇಷ್ಟು ಹೇಳಿ ಸುಮ್ಮನಾಗುವುದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಯಿತು. ಎದುರಿನವರು ಯೋಚಿಸುವ ಆ ಕೆಲವು ಸೆಕೆಂಡಿನಲ್ಲೇ ಬೇಡದ ಕಥೆಯೆಲ್ಲ ಬಾಯಿಗೆ ಬರುತ್ತದೆ.

ಆಗಲ್ಲ ಎಂದರೆ ಏನು ಹೇಳಬೇಕು ಅಂತಲೂ ಮಾಡಿಟ್ಟುಕೊಂಡೆವು: “ಸರಿ ಸರ್. ಇದಕ್ಕಿಂತ ಕಡಿಮೆ ಸಾಧ್ಯವಾ, ಅಥವಾ ಬೇರೆ ದಾರಿ ಏನಾದರೂ ಇದೆಯಾ?” ಒಂದು ಸಲ ಮಾತ್ರ. ಅದಕ್ಕೂ ಇಲ್ಲ ಎಂದರೆ ಧನ್ಯವಾದ ಹೇಳಿ ಎದ್ದು ಬರುವುದು.

ಅದು ಬೇಕಾಗಲಿಲ್ಲ. ಮ್ಯಾನೇಜರ್ ಕೇಳಿದ್ದು ಒಂದೇ ಪ್ರಶ್ನೆ, ರಜೆ ಎಷ್ಟು ದಿನ ಬೇಕು ಅಂತ. ಐದನೇ ದಿನ ಹಣ ಬಂತು.

ನಾಲ್ಕು ತಿಂಗಳ ನಂತರ ಅವರು ನನ್ನ ಬಳಿ ಬಂದಾಗ ಸಂಬಳದ ಚೀಟಿಗಳನ್ನು ತಂದಿದ್ದರು. ಎರಡನೇ ತಿಂಗಳು ಕಂತನ್ನು ತಪ್ಪಾಗಿ ಎರಡು ಸಲ ಹಿಡಿದಿದ್ದರು. ಅವರೇ ನೋಡಿ, ಅಕೌಂಟ್ಸ್‌ಗೆ ಮೂರು ಸಾಲಿನ ಮೇಲ್ ಬರೆದು ಸರಿಪಡಿಸಿಕೊಂಡಿದ್ದರು. ಆ ಮೇಲ್ ತೋರಿಸಿದರು. ಅದರಲ್ಲಿ ಕ್ಷಮೆ ಎಂಬ ಪದ ಇರಲಿಲ್ಲ.