ಸುಧಾಳ ಅಮ್ಮ ಹೆದರಿದ್ದು ಯಾಕೆ?

*ಸರ್, ನನ್ನ ಕಥೆ ವಾಪಸ್ ಬಂತು. ಕಾಲೇಜಿನಲ್ಲಿ ಗೆಳತಿಯರ ಸೀರೆಗೆ ಸುಮ್ನೆ ಕುಚ್ಚು ಕಟ್ಟಿಕೊಡುತ್ತಿದ್ದ ಸುಧಾ, ಆಮೇಲೆ ಆರ್ಡರ್ ಹಿಡಿಯುತ್ತಾಳೆ. ಅಮ್ಮನಿಗೆ ಅದು ಇಷ್ಟವಿಲ್ಲ. ಕುಚ್ಚು ಕಟ್ಟುವುದು ನನಗೂ ಗೊತ್ತು. ಆದರೂ ಕಥೆ ನಂಬುವಂತಿಲ್ಲ ಎಂದಿರಿ. ಯಾಕೆ?*
*– ಓದುಗರೊಬ್ಬರು, ತುಮಕೂರು*

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಕುಚ್ಚಿನ ಕೆಲಸ ನಿಮಗೆ ಚೆನ್ನಾಗಿ ಗೊತ್ತು. ಆದರೆ ಕಥೆಯಲ್ಲಿ ಸುಧಾ ಒಂದು ಸಾಲಿನಲ್ಲಿ ಸೀರೆ ಮುಗಿಸಿಬಿಡುತ್ತಾಳೆ, ಅಮ್ಮ ಬರೀ "ಬೇಡ" ಎನ್ನುತ್ತಾಳೆ. ಅಮ್ಮನ ಭಯಕ್ಕೆ ಕಾರಣ ಆ ಕೆಲಸದೊಳಗೇ ಇದೆ, ಅಲ್ವಾ?

ಲೆಕ್ಕ ಹಾಕಿ ನೋಡಿ. ಸೆರಗಿನ ಅಗಲ ಸುಮಾರು 45 ಇಂಚು. ಇಂಚಿಗೊಂದರಂತೆ 45 ಕುಚ್ಚು. ದಾರ ಸುತ್ತಿ, ಮಣಿ ಪೋಣಿಸಿ, ಕುಚ್ಚಿನ ಕುತ್ತಿಗೆಗೆ ಜರಿ ಬಿಗಿದು, ತುದಿ ಸಮ ಮಾಡಲು ಒಂದಕ್ಕೆ 9 ನಿಮಿಷ ಹಿಡಿದರೂ ಏಳು ಗಂಟೆ ಹತ್ತಿರ. ಸುಧಾಗೆ 500 ರೂಪಾಯಿ ಸಿಗುತ್ತದೆ ಅನ್ನಿ. ದಾರ, ಮಣಿಗೆ 80 ಹೋದರೆ ಉಳಿಯುವುದು 420. ಆದರೆ ಅವಳ ಮಡಿಲಲ್ಲಿರುವುದು ಬೇರೆಯವರ 9,000 ರೂಪಾಯಿಯ ರೇಷ್ಮೆ ಸೀರೆ. ಅದು ಕೆಟ್ಟರೆ 22 ಸೀರೆಯ ದುಡಿಮೆ ಹೋಯಿತು. ಅಮ್ಮನಿಗೆ ಕಾಣುವುದು ಇದು. "ದಾರದ ಬಣ್ಣ ಸೀರೆಗೆ ಹತ್ತಿದ್ರೆ ದುಡ್ಡು ಎಲ್ಲಿಂದ ತರ್ತೀಯೇ?" ಎಂದು ಅವಳು ಕೇಳಲಿ. ಆಗ ಅವಳು ಮಗಳಿಗೆ ಅಡ್ಡ ನಿಂತ ಅಮ್ಮನಲ್ಲ, ಸೀರೆಯ ಬೆಲೆ ಗೊತ್ತಿರುವ ಹೆಂಗಸು.

ಬಣ್ಣ ಹತ್ತುವುದು ನಿಜಕ್ಕೂ ಆಗುತ್ತದೆ. ನಮ್ಮ ಅಕ್ಕನ ಕೆನೆ ಬಣ್ಣದ ಸೀರೆಗೆ ಕೆಂಪು ಕುಚ್ಚು ಕಟ್ಟಿಸಿದ್ದೆವು. ಮದುವೆ ಮನೆಯಲ್ಲಿ ಸೆರಗಿನ ಮೇಲೆ ನೀರು ಚೆಲ್ಲಿತು. ದಾರದ ಕೆಂಪು ಅಂಚಿಗೆಲ್ಲ ಇಳಿಯಿತು. ಏನು ಮಾಡಿದರೂ ಹೋಗಲಿಲ್ಲ. ಅಕ್ಕ ಆ ಸೀರೆಯನ್ನು ಮತ್ತೆ ಉಡಲೇ ಇಲ್ಲ.

ಹಾಗಾಗಿ ನಿಮ್ಮ ಕಥೆಯಲ್ಲಿ ಸುಧಾಗೆ ಬಹುಮಾನ ಸಿಗುವ ಪ್ರಸಂಗ ಬೇಡ. ಅಮ್ಮನ ಮುಂದೆ ಸುಧಾ ಉದ್ದ ಮಾತಾಡುವುದೂ ಬೇಡ. ಆ ಜಾಗದಲ್ಲಿ ಅವಳು ಹೊಸ ಕೆಂಪು ದಾರದ ತುಂಡೊಂದನ್ನು ನೀರಲ್ಲಿ ಅದ್ದಿ, ಬಿಳಿ ಬಟ್ಟೆಯಲ್ಲಿ ಒತ್ತಿ, ಒಣಗುವವರೆಗೂ ಬಿಡಲಿ. ಬಟ್ಟೆ ಗುಲಾಬಿಯಾಗಲಿ. ಅವಳು ಆ ದಾರವನ್ನು ಬದಿಗಿಟ್ಟು, ಸೀರೆ ಹಿಡಿದುಕೊಂಡು ಮತ್ತೆ ಅಂಗಡಿಗೆ ಹೋಗಲಿ. ಹಗಲಲ್ಲೇ ಹೋಗಲಿ. ಟ್ಯೂಬ್‌ಲೈಟಿನಲ್ಲಿ ಒಂದೇ ಥರ ಕಂಡ ಬಣ್ಣ ಬಿಸಿಲಿಗೆ ಬಂದರೆ ಬೇರೆಯೇ ಇರುತ್ತದೆ, ನಿಮಗೆ ಗೊತ್ತಲ್ಲ. ಆ ಸೀರೆಯಲ್ಲಿ ಅವಳಿಗೆ ಲಾಭ ಕಡಿಮೆಯೇ ಆಗಲಿ. ಇದನ್ನೆಲ್ಲ ಅಮ್ಮ ಅಡುಗೆಮನೆಯಿಂದ ನೋಡುತ್ತಿರಲಿ, ಏನೂ ಹೇಳದಿರಲಿ.

ಎರಡನೇ ಸೀರೆ ಮನೆಗೆ ಬಂದ ದಿನ ಅಮ್ಮ, "ದಾರ ನೆನೆಸಿ ನೋಡಿದ್ಯೇನೇ?" ಎಂದು ಕೇಳಲಿ. ಕಥೆ ಅಲ್ಲಿಗೆ ನಿಲ್ಲಲಿ. ತಿದ್ದಿ ಕಳಿಸಿ, ಕಾಯುತ್ತಿರುತ್ತೇನೆ.

– ಸಂಪಾದಕ